ಕನಿಷ್ಠ ಅಂಕ ಕೈತಪ್ಪಿದಾಗ ಬರೆಯುವ ನವೀಕರಣ ಪತ್ರ

ವಿದ್ಯಾರ್ಥಿವೇತನ ಪಡೆಯುತ್ತಿರುವ ಪದವಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ,

ವಿದ್ಯಾರ್ಥಿವೇತನ ಒಮ್ಮೆ ಮಂಜೂರಾದರೆ ಕೋರ್ಸ್ ಮುಗಿಯುವ ತನಕ ತಾನಾಗಿ ಬರುತ್ತಲೇ ಇರುತ್ತದೆ ಎಂದೇನಿಲ್ಲ. ಹೆಚ್ಚಿನ ಯೋಜನೆಗಳಲ್ಲಿ ಪ್ರತಿ ವರ್ಷ ನವೀಕರಣಕ್ಕೆ ಅರ್ಜಿ ಹಾಕಬೇಕು, ಹಿಂದಿನ ವರ್ಷದ ಅಂಕಪಟ್ಟಿ ಲಗತ್ತಿಸಬೇಕು, ಯೋಜನೆ ಹೇಳಿದ ಕನಿಷ್ಠ ಅಂಕ ಅದರಲ್ಲಿ ಇರಬೇಕು. ಅಂಕ ಬಹಳ ಕಡಿಮೆ ಬಂದಿದ್ದರೆ ಫಲಿತಾಂಶ ಏನೆಂದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಕೂದಲೆಳೆಯಷ್ಟು ಕಡಿಮೆಯಾದಾಗ ಮಾತ್ರ ಅರ್ಜಿಯ ಜೊತೆ ಒಂದು ವಿವರಣಾ ಪತ್ರ ಇಡಬಹುದೇ, ಇಟ್ಟರೆ ಅದರಲ್ಲಿ ಏನಿರಬೇಕು ಎಂಬ ಪ್ರಶ್ನೆ ಬರುತ್ತದೆ. ಆ ಪತ್ರವನ್ನು ಓದುವವರು ಮುಖ್ಯವಾಗಿ ಮೂರು ವಿಷಯ ಹುಡುಕುತ್ತಾರೆ: ಕೊರತೆ ನಿಖರವಾಗಿ ಎಷ್ಟು, ಹೇಳಿದ ಕಾರಣ ಅಂಕಪಟ್ಟಿಗೆ ಹೊಂದುತ್ತದೆಯೇ, ಕೊರತೆ ತುಂಬುವ ಕೆಲಸ ಈಗಾಗಲೇ ಶುರುವಾಗಿದೆಯೇ.

ಪತ್ರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಕನಿಷ್ಠ ಅಂಕದ ನಿಯಮದಲ್ಲಿ ಎರಡು ಬಗೆ. ಸರ್ಕಾರಿ ಯೋಜನೆಗಳಲ್ಲಿ ಅದು ಮಾರ್ಗಸೂಚಿಯಲ್ಲೇ ಬರೆದಿಟ್ಟ ಗೆರೆ. ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನದ ನವೀಕರಣಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕವೂ ಶೇ 75 ಹಾಜರಾತಿಯೂ ಬೇಕು. ಮೂಲವಿಜ್ಞಾನ ಓದುವವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಡುವ ಇನ್‌ಸ್ಪೈರ್ ವಿದ್ಯಾರ್ಥಿವೇತನ ಮುಂದುವರಿಯಲು ಶೇ 60 ಅಂಕ ಅಥವಾ 10ರ ಮಾಪನದಲ್ಲಿ 6.0 ಬೇಕು. ಶಾಲಾ ಹಂತದ ಎನ್‌ಎಂಎಂಎಸ್ ಯೋಜನೆಯಲ್ಲಿ ಪಿಯುಸಿಗೂ ಹಣ ಬರಬೇಕಾದರೆ ಹತ್ತನೇ ತರಗತಿಯಲ್ಲಿ ಶೇ 60 ಬಂದಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದು ಶೇ 55.

ಇಂಥ ಯೋಜನೆಗಳ ಅರ್ಜಿ ಪೋರ್ಟಲ್ ಮೂಲಕ ಹೋಗುತ್ತದೆ. ಕಾಲೇಜಿನ ನೋಡಲ್ ಅಧಿಕಾರಿ ಮಾಡುವುದು ತುಂಬಿದ ವಿವರ ಸರಿಯಿದೆಯೇ ಎಂದು ದಾಖಲೆ ನೋಡಿ ಖಾತರಿಪಡಿಸುವ ಕೆಲಸ. ಗೆರೆ ಬದಲಾಯಿಸುವ ಅಧಿಕಾರ ಅವರಿಗೆ ಇಲ್ಲ. ಆದ್ದರಿಂದ ಇಲ್ಲಿ ಕರುಣೆ ಕೋರುವ ಪತ್ರದಿಂದ ಪ್ರಯೋಜನವಿಲ್ಲ. ಪತ್ರಕ್ಕೆ ಬೆಲೆ ಇರುವುದು ತಪ್ಪು ತಿದ್ದಿಸುವಾಗ. ಅಂಕ ತಪ್ಪಾಗಿ ತುಂಬಿದ್ದರೆ, ಒಂದು ಪತ್ರಿಕೆಯ ಫಲಿತಾಂಶ ತಡೆಹಿಡಿಯಲಾಗಿದ್ದರೆ, ಮರುಮೌಲ್ಯಮಾಪನದ ನಂತರ ಅಂಕ ಏರಿದ್ದರೆ, ಹೊಸ ಅಂಕಪಟ್ಟಿಯ ಸಮೇತ ನೋಡಲ್ ಅಧಿಕಾರಿಗೆ ಬರೆಯಬೇಕು. ಅದೂ ಪೋರ್ಟಲ್‌ನಲ್ಲಿ ಪರಿಶೀಲನೆಯ ಅವಧಿ ಮುಗಿಯುವುದರೊಳಗೆ.

ಖಾಸಗಿ ಟ್ರಸ್ಟ್‌ಗಳು, ಕಂಪನಿಗಳ ಪ್ರತಿಷ್ಠಾನಗಳು, ಸಮುದಾಯದ ಸಂಘಗಳು, ಹಳೆ ವಿದ್ಯಾರ್ಥಿಗಳ ನಿಧಿಗಳು ಇನ್ನೊಂದು ಬಗೆ. ಇವುಗಳಲ್ಲಿ ಹಲವಕ್ಕೆ ನಾಲ್ಕೈದು ಜನರ ಆಯ್ಕೆ ಸಮಿತಿ ಇರುತ್ತದೆ. ನಿಯಮ ಬರೆದವರೂ ಅವರೇ, ಸಡಿಲಿಸಬಲ್ಲವರೂ ಅವರೇ. ಮಂಜೂರಾತಿ ಪತ್ರದಲ್ಲಿ ‘ಸಮಿತಿಯ ವಿವೇಚನೆಗೆ ಒಳಪಟ್ಟು’ ಎಂಬ ಅರ್ಥದ ಸಾಲು ಇದ್ದರೆ ವಿವರಣಾ ಪತ್ರಕ್ಕೆ ಅಲ್ಲಿ ಜಾಗ ಇದೆ ಎಂದು ತಿಳಿಯಬಹುದು. ಅಂಥ ಸಾಲು ಕಾಣದಿದ್ದರೆ ಟ್ರಸ್ಟ್‌ನ ಕಚೇರಿಗೆ ಫೋನ್ ಮಾಡಿ, ಅಂಕ ಕಡಿಮೆ ಬಂದವರ ಅರ್ಜಿಯನ್ನು ಸಮಿತಿಯ ಮುಂದೆ ಇಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ವಿವರ ಈ ಎರಡನೆಯ ಬಗೆಗೆ ಸಂಬಂಧಿಸಿದ್ದು.

ಕೊರತೆಯನ್ನು ಅಳೆಯುವುದು

ಪತ್ರ ಬರೆಯಲು ಕೂರುವ ಮುಂಚೆ ಯಾವ ಸಂಖ್ಯೆಯಲ್ಲಿ ಕೊರತೆ ಎಂಬುದು ಸ್ಪಷ್ಟವಾಗಬೇಕು. ನಿಯಮದಲ್ಲಿ ಶೇಕಡಾ ಇದೆಯೇ, ಎಸ್‌ಜಿಪಿಎ ಇದೆಯೇ, ಸಿಜಿಪಿಎ ಇದೆಯೇ? ಎಸ್‌ಜಿಪಿಎ ಒಂದೇ ಸೆಮಿಸ್ಟರಿನ ಸರಾಸರಿ. ಸಿಜಿಪಿಎ ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರುಗಳ ಸರಾಸರಿ. ಎರಡೂ ಕ್ರೆಡಿಟ್‌ಗಳ ಮೇಲೆ ನಿಂತಿವೆ. ಪ್ರತಿ ಪತ್ರಿಕೆಯ ಗ್ರೇಡ್ ಪಾಯಿಂಟನ್ನು ಆ ಪತ್ರಿಕೆಯ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸಿಗುವುದು ಈ ಸರಾಸರಿ. ಹಾಗಾಗಿ 4 ಕ್ರೆಡಿಟ್‌ನ ಪತ್ರಿಕೆಯಲ್ಲಿ ಒಂದು ಗ್ರೇಡ್ ಇಳಿದರೆ ಆಗುವ ಪೆಟ್ಟು, 2 ಕ್ರೆಡಿಟ್‌ನ ಪತ್ರಿಕೆಯಲ್ಲಿ ಇಳಿದಾಗ ಆಗುವುದರ ಎರಡರಷ್ಟು.

ಟ್ರಸ್ಟ್ ಶೇಕಡಾ ಕೇಳಿ, ವಿಶ್ವವಿದ್ಯಾಲಯ ಸಿಜಿಪಿಎ ಮಾತ್ರ ಕೊಟ್ಟಿದ್ದರೆ ಪರಿವರ್ತನೆಯ ಸೂತ್ರ ಯಾವುದೆಂದು ನೋಡಬೇಕು. ಎಐಸಿಟಿಇ ಕೈಪಿಡಿಯ ಕೋಷ್ಟಕದಲ್ಲಿ 6.25 ಎಂದರೆ ಶೇ 55, 6.75 ಎಂದರೆ ಶೇ 60. ಅಂದರೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಸಿಜಿಪಿಎಯನ್ನು ನೇರವಾಗಿ ಹತ್ತರಿಂದ ಗುಣಿಸುವ ಪದ್ಧತಿಯೂ ಚಾಲ್ತಿಯಲ್ಲಿದೆ. 6.925 ಎಂಬ ಸಿಜಿಪಿಎ ಮೊದಲ ಲೆಕ್ಕದಲ್ಲಿ ಶೇ 61.75 ಆಗುತ್ತದೆ, ಎರಡನೆಯದರಲ್ಲಿ ಶೇ 69.25. ಟ್ರಸ್ಟ್ ಶೇ 65 ಕೇಳಿದ್ದರೆ ಒಂದರಲ್ಲಿ ಕೊರತೆ ಇದೆ, ಇನ್ನೊಂದರಲ್ಲಿ ಕೊರತೆಯೇ ಇಲ್ಲ. ತನಗೆ ಅನುಕೂಲವಾದ ಸೂತ್ರ ಆರಿಸಿಕೊಳ್ಳುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಇಲ್ಲ. ತನ್ನ ಬ್ಯಾಚಿಗೆ ಅನ್ವಯಿಸುವ ನಿಯಮಾವಳಿಯಲ್ಲಿ ಅಥವಾ ಅಂಕಪಟ್ಟಿಯಲ್ಲಿ ವಿಶ್ವವಿದ್ಯಾಲಯ ಯಾವುದನ್ನು ಹೇಳಿದೆಯೋ ಅದನ್ನೇ ಬಳಸಬೇಕು. ಸಂದೇಹವಿದ್ದರೆ ಪರೀಕ್ಷಾ ವಿಭಾಗದಿಂದ ಪರಿವರ್ತನಾ ಪ್ರಮಾಣಪತ್ರ ಪಡೆದು ಲಗತ್ತಿಸಬಹುದು. ಕೊರತೆ ಇದೆ ಎಂದುಕೊಂಡವರ ಪೈಕಿ ಕೆಲವರಿಗೆ ಪತ್ರದ ಅಗತ್ಯವೇ ಇಲ್ಲ ಎಂಬುದು ಈ ಹಂತದಲ್ಲೇ ಗೊತ್ತಾಗುತ್ತದೆ.

ಒಂದು ಪ್ರಕರಣದ ಲೆಕ್ಕ

ಉದಾಹರಣೆಗೆ ಎಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. ಆಕೆಗೆ ಹಣ ಕೊಡುತ್ತಿರುವ ಟ್ರಸ್ಟ್‌ನ ನಿಯಮ ಸಿಜಿಪಿಎ 7.0. ಮೊದಲ ಸೆಮಿಸ್ಟರಿನಲ್ಲಿ 20 ಕ್ರೆಡಿಟ್‌ಗೆ ಎಸ್‌ಜಿಪಿಎ 7.60 ಬಂದಿದೆ, ಅಂದರೆ ಒಟ್ಟು 152 ಪಾಯಿಂಟ್. ಎರಡನೇ ಸೆಮಿಸ್ಟರಿನ ಅಂಕಪಟ್ಟಿ ಹೀಗಿದೆ:

ಗಣಿತ: 4 ಕ್ರೆಡಿಟ್, ಗ್ರೇಡ್ ಪಾಯಿಂಟ್ 4, ಒಟ್ಟು 16
ಭೌತಶಾಸ್ತ್ರ: 4 ಕ್ರೆಡಿಟ್, 6, ಒಟ್ಟು 24
ಎಲೆಕ್ಟ್ರಾನಿಕ್ಸ್: 3 ಕ್ರೆಡಿಟ್, 6, ಒಟ್ಟು 18
ಪ್ರೋಗ್ರಾಮಿಂಗ್: 3 ಕ್ರೆಡಿಟ್, 7, ಒಟ್ಟು 21
ಲ್ಯಾಬ್: 2 ಕ್ರೆಡಿಟ್, 8, ಒಟ್ಟು 16
ಕನ್ನಡ: 2 ಕ್ರೆಡಿಟ್, 8, ಒಟ್ಟು 16
ಇಂಗ್ಲಿಷ್: 2 ಕ್ರೆಡಿಟ್, 7, ಒಟ್ಟು 14

ಇಪ್ಪತ್ತು ಕ್ರೆಡಿಟ್‌ಗೆ 125 ಪಾಯಿಂಟ್, ಎಸ್‌ಜಿಪಿಎ 6.25. ಎರಡೂ ಸೆಮಿಸ್ಟರ್ ಸೇರಿದರೆ 40 ಕ್ರೆಡಿಟ್‌ಗೆ 277 ಪಾಯಿಂಟ್, ಸಿಜಿಪಿಎ 6.925. ಏಳಕ್ಕೆ ಬೇಕಾಗಿದ್ದುದು 280. ಕೊರತೆ ಮೂರು ಪಾಯಿಂಟ್.

ಈ ಲೆಕ್ಕದಿಂದ ಪತ್ರದ ದಿಕ್ಕು ಸಿಗುತ್ತದೆ. ಗಣಿತದಲ್ಲಿ ಆಕೆಗೆ ನೂರಕ್ಕೆ 46 ಬಂದಿದೆ. ಆ ವಿಶ್ವವಿದ್ಯಾಲಯದಲ್ಲಿ 40ರಿಂದ 49ರವರೆಗೆ ಗ್ರೇಡ್ ಪಾಯಿಂಟ್ 4, 50ರಿಂದ 54ಕ್ಕೆ 5, 55ರಿಂದ 59ಕ್ಕೆ 6. ಗಣಿತದಲ್ಲಿ ಇನ್ನು ನಾಲ್ಕು ಅಂಕ ಬಂದಿದ್ದರೆ ಪಾಯಿಂಟ್ 281 ಆಗಿ ಗೆರೆ ದಾಟುತ್ತಿತ್ತು. ಹಾಗೆಂದು ತಪ್ಪನ್ನೆಲ್ಲ ಗಣಿತದ ತಲೆಗೆ ಕಟ್ಟಿದರೆ ಸಮಿತಿ ಒಪ್ಪುವುದಿಲ್ಲ. ಗಣಿತ ಬಿಟ್ಟು ಉಳಿದ 16 ಕ್ರೆಡಿಟ್‌ನ ಸರಾಸರಿ ತೆಗೆದರೆ 109ನ್ನು 16ರಿಂದ ಭಾಗಿಸಿ 6.81 ಬರುತ್ತದೆ. ಮೊದಲ ಸೆಮಿಸ್ಟರಿನ 7.60ಕ್ಕೆ ಹೋಲಿಸಿದರೆ ಇದೂ ಇಳಿತವೇ. ಸಮಿತಿಯಲ್ಲಿ ಒಬ್ಬ ಅಧ್ಯಾಪಕರಿದ್ದರೂ ಸಾಕು, ಈ ಲೆಕ್ಕ ಅವರಿಗೆ ಎರಡು ನಿಮಿಷದ ಕೆಲಸ. ಆದ್ದರಿಂದ ಪತ್ರ ಎರಡು ಸಂಗತಿಗಳನ್ನು ವಿವರಿಸಬೇಕಾಗುತ್ತದೆ: ಎಲ್ಲ ಪತ್ರಿಕೆಗಳಲ್ಲೂ ಆದ ಸಣ್ಣ ಇಳಿತ ಮತ್ತು ಗಣಿತದಲ್ಲಿ ಮಾತ್ರ ಆದ ದೊಡ್ಡ ಇಳಿತ.

ಕಾರಣ ಮತ್ತು ಅಂಕಪಟ್ಟಿಯ ತಾಳೆ

ತಿರಸ್ಕೃತವಾಗುವ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಕಾರಣ ಮತ್ತು ಅಂಕ ಬೇರೆ ಬೇರೆ ದಾರಿ ಹಿಡಿದಿರುವುದು. ಜ್ವರ ಬಂದಿತ್ತು ಎಂದು ಬರೆದಿರುತ್ತದೆ, ಆದರೆ ಜ್ವರ ಬಂದದ್ದು ಮಾರ್ಚ್‌ನಲ್ಲಿ, ಅಂಕ ಹೋದದ್ದು ಜುಲೈನ ಪರೀಕ್ಷೆಯಲ್ಲಿ. ಮನೆಯಲ್ಲಿ ತೊಂದರೆ ಎಂದಿರುತ್ತದೆ, ಆದರೆ ಅದೇ ತೊಂದರೆ ಹಿಂದಿನ ಸೆಮಿಸ್ಟರಿನಲ್ಲೂ ಇತ್ತು, ಆಗ ಅಂಕ ಚೆನ್ನಾಗಿತ್ತು. ಓದುವವರು ಕೇಳುವುದು ಎರಡೇ ಪ್ರಶ್ನೆ: ಈ ಸೆಮಿಸ್ಟರಿನಲ್ಲೇ ಯಾಕೆ? ಈ ಪತ್ರಿಕೆಯಲ್ಲೇ ಯಾಕೆ?

ಮೇಲಿನ ವಿದ್ಯಾರ್ಥಿನಿಯ ವಿಷಯದಲ್ಲಿ ಎರಡಕ್ಕೂ ಉತ್ತರವಿದೆ ಎಂದುಕೊಳ್ಳೋಣ. ಮೊದಲ ಸೆಮಿಸ್ಟರಿನಲ್ಲಿ ಆಕೆ ಕಾಲೇಜಿನ ಊರಿನಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದಳು. ಎರಡನೇ ಸೆಮಿಸ್ಟರಿನ ಹೊತ್ತಿಗೆ ಚಿಕ್ಕಮ್ಮನ ಕುಟುಂಬ ಬೇರೆ ಊರಿಗೆ ಹೋದದ್ದರಿಂದ ತನ್ನ ಊರಿನಿಂದಲೇ ಬಸ್ಸಿನಲ್ಲಿ ಓಡಾಡಬೇಕಾಯಿತು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಎಲ್ಲ ಪತ್ರಿಕೆಗಳ ಸಣ್ಣ ಇಳಿತಕ್ಕೆ ಇದು ಹೊಂದುವ ಕಾರಣ, ಯಾಕೆಂದರೆ ಅದು ಸೆಮಿಸ್ಟರ್ ಪೂರ್ತಿ ಇತ್ತು ಮತ್ತು ಹಿಂದಿನ ಸೆಮಿಸ್ಟರಿನಲ್ಲಿ ಇರಲಿಲ್ಲ. ವಿದ್ಯಾರ್ಥಿ ಬಸ್ ಪಾಸ್‌ನಲ್ಲಿ ಮಾರ್ಗವೂ ದಿನಾಂಕವೂ ಇರುವುದರಿಂದ ಅದರ ಪ್ರತಿಯೇ ಪುರಾವೆ.

ಗಣಿತದ್ದು ಬೇರೆ ಕಥೆ. ಜೂನ್ 3ರಿಂದ 16ರವರೆಗೆ ಡೆಂಗಿ ಜ್ವರ, ಅದರಲ್ಲಿ ಐದು ದಿನ ಆಸ್ಪತ್ರೆ. ಆ ಎರಡು ವಾರಗಳಲ್ಲಿ ತರಗತಿಯಲ್ಲಿ ಬಹುಸಮಾಕಲನದ ಘಟಕ ಮುಗಿದು ವೆಕ್ಟರ್ ಕ್ಯಾಲ್ಕುಲಸ್ ಶುರುವಾಯಿತು. ವೆಕ್ಟರ್ ಕ್ಯಾಲ್ಕುಲಸ್‌ನ ರೇಖಾ ಸಮಾಕಲನ, ಮೇಲ್ಮೈ ಸಮಾಕಲನ ಅರ್ಥವಾಗಬೇಕಾದರೆ ಹಿಂದಿನ ಘಟಕ ಗೊತ್ತಿರಬೇಕು. ತಪ್ಪಿಹೋದ ಎರಡು ವಾರದ ಭೌತಶಾಸ್ತ್ರವನ್ನು ಗೆಳತಿಯ ನೋಟ್ಸ್ ನೋಡಿ ಒಂದು ಮಟ್ಟಿಗೆ ತುಂಬಿಕೊಳ್ಳಬಹುದು. ಗಣಿತದಲ್ಲಿ ಒಂದು ಘಟಕ ಕೈಬಿಟ್ಟರೆ ಅದರ ಮೇಲೆ ನಿಂತ ಮುಂದಿನದೂ ಕೈಬಿಡುತ್ತದೆ. ಇದಕ್ಕೆ ಸಾಕ್ಷಿ ಇಂಟರ್ನಲ್ಸ್ ಅಂಕಗಳಲ್ಲೇ ಇದೆ. ಜ್ವರಕ್ಕೆ ಮೊದಲು ನಡೆದ ಮೊದಲ ಟೆಸ್ಟಿನಲ್ಲಿ 25ಕ್ಕೆ 18, ಜೂನ್ 17ರ ಎರಡನೇ ಟೆಸ್ಟಿನಲ್ಲಿ 25ಕ್ಕೆ 8. ಇಂಟರ್ನಲ್ಸ್‌ನಲ್ಲಿ ಒಟ್ಟು 26, ಸೆಮಿಸ್ಟರ್ ಕೊನೆಯ ಪರೀಕ್ಷೆಯ 20 ಸೇರಿ 46. ಎರಡನೇ ಟೆಸ್ಟಿನಲ್ಲೂ 18 ಬಂದಿದ್ದರೆ 56 ಆಗಿ ಗ್ರೇಡ್ ಪಾಯಿಂಟ್ 6, ಸಿಜಿಪಿಎ 7.125 ಆಗುತ್ತಿತ್ತು. ಈ ಕೊನೆಯ ಲೆಕ್ಕವನ್ನು ಪತ್ರದಲ್ಲಿ ಒತ್ತಿ ಹೇಳುವ ಅಗತ್ಯವಿಲ್ಲ. ಎರಡು ಟೆಸ್ಟುಗಳ ಅಂಕವನ್ನೂ ಅವುಗಳ ದಿನಾಂಕವನ್ನೂ ಪಕ್ಕಪಕ್ಕದಲ್ಲಿ ಕೊಟ್ಟರೆ ಓದುವವರೇ ಅದನ್ನು ಮಾಡಿಕೊಳ್ಳುತ್ತಾರೆ.

ದಾಖಲೆಗಳಲ್ಲಿ ದಿನಾಂಕ ಮುಖ್ಯ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವಿಭಾಗದಿಂದ ಪಡೆದ ತಿಂಗಳವಾರು ಹಾಜರಾತಿ, ಇಂಟರ್ನಲ್ಸ್ ಅಂಕಗಳ ಪ್ರತಿ, ಈ ಮೂರರ ದಿನಾಂಕಗಳು ಒಂದಕ್ಕೊಂದು ತಾಳೆಯಾಗಬೇಕು. ಜ್ವರ ಇತ್ತು ಎಂದ ದಿನ ಹಾಜರಾತಿಯಲ್ಲಿ ಹಾಜರಿ ಬಿದ್ದಿದ್ದರೆ ಇಡೀ ಪತ್ರದ ಮೇಲೆ ಅನುಮಾನ ಹುಟ್ಟುತ್ತದೆ. ಕಾಯಿಲೆ ವಾಸಿಯಾಗಿ ತಿಂಗಳುಗಳಾದ ಮೇಲೆ ಊರಿನ ಕ್ಲಿನಿಕ್‌ನಲ್ಲಿ ಬರೆಸಿಕೊಂಡ ಪ್ರಮಾಣಪತ್ರಕ್ಕಿಂತ ಆ ದಿನಗಳದೇ ಔಷಧಿ ಚೀಟಿ ಮತ್ತು ರಕ್ತಪರೀಕ್ಷೆಯ ವರದಿಗೆ ಹೆಚ್ಚು ತೂಕ.

ದಾಖಲೆ ಇಲ್ಲದ ಕಾರಣಗಳೂ ಇರುತ್ತವೆ. ಮನೆಯೊಳಗಿನ ಜಗಳ, ಮನಸ್ಸಿನ ಕುಗ್ಗುವಿಕೆ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠ ಹಿಡಿಯಲಾಗದ ಕಷ್ಟ ಇಂಥವು. ಇವಕ್ಕೆ ಬೇರೆಯವರ ಮಾತೇ ಪುರಾವೆ. ತರಗತಿಯ ಮೆಂಟರ್ ಅಥವಾ ವಿಭಾಗದ ಮುಖ್ಯಸ್ಥರು ತಮಗೆ ವಿಷಯ ಯಾವಾಗ ಗೊತ್ತಾಯಿತು ಎಂದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ಖಾಸಗಿ ಸಂಗತಿಯ ವಿವರಕ್ಕೆ ಇಳಿಯಬೇಕಿಲ್ಲ. ‘ಕುಟುಂಬದ ಒಂದು ಪರಿಸ್ಥಿತಿ, ವಿಭಾಗದ ಮುಖ್ಯಸ್ಥರಿಗೆ ಗೊತ್ತಿದೆ’ ಎಂಬಷ್ಟಕ್ಕೇ ನಿಲ್ಲಿಸಬಹುದು.

ಸುಧಾರಣೆಯ ಕ್ರಮಗಳು

ಪತ್ರದ ಅರ್ಧ ಭಾಗ ಕಾರಣಕ್ಕೆ ಹೋದರೆ ಉಳಿದರ್ಧ ಕ್ರಮಗಳಿಗೆ ಸಲ್ಲಬೇಕು. ಇಲ್ಲಿ ‘ಮುಂದೆ ಚೆನ್ನಾಗಿ ಓದುತ್ತೇನೆ’ ಎಂಬ ವಾಕ್ಯ ಎಷ್ಟು ಸಲ ಬಂದರೂ ಅದಕ್ಕೆ ತೂಕವಿಲ್ಲ. ಆಗಿರುವ ಕೆಲಸವನ್ನು ಮೊದಲು ಹೇಳಿ, ಆಗಬೇಕಾದ್ದನ್ನು ಆಮೇಲೆ ಹೇಳಬೇಕು. ಪ್ರತಿ ಕಾರಣಕ್ಕೂ ಎದುರಾಗಿ ಒಂದು ಕ್ರಮ ಇರಬೇಕು.

ಈ ಪ್ರಕರಣದಲ್ಲಿ ಓಡಾಟದ ಸಮಸ್ಯೆಗೆ ಹಾಸ್ಟೆಲ್ ಉತ್ತರ. ಮೂರನೇ ಸೆಮಿಸ್ಟರಿಗೆ ಆಕೆ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟು ಪಡೆದಿದ್ದಾಳೆ. ಪ್ರವೇಶದ ಆದೇಶವೇ ದಾಖಲೆ. ಗಣಿತಕ್ಕೆ ಎರಡು ಕ್ರಮ. ರಜೆಯಲ್ಲಿ ತಪ್ಪಿಹೋದ ಎರಡು ಘಟಕಗಳನ್ನು ಮತ್ತೆ ಓದಿ, ಹಿಂದಿನ ಪ್ರಶ್ನೆಪತ್ರಿಕೆಗಳ ಲೆಕ್ಕ ಬಿಡಿಸಿ ಅಧ್ಯಾಪಕರಿಗೆ ತೋರಿಸಿದ್ದಾಳೆ. ಮೂರನೇ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ದಿನ ಸಂಜೆ ನಡೆಯುವ ರೆಮಿಡಿಯಲ್ ಕ್ಲಾಸಿಗೆ ಹೋಗುತ್ತಿದ್ದಾಳೆ, ಅದರ ಹಾಜರಿ ಪುಸ್ತಕದಲ್ಲಿ ಅಧ್ಯಾಪಕರ ಸಹಿ ಇದೆ. ಈ ಕೆಲಸಕ್ಕೆ ಫಲ ಸಿಕ್ಕಿದೆಯೇ ಎಂಬುದಕ್ಕೆ ಮೂರನೇ ಸೆಮಿಸ್ಟರಿನ ಮೊದಲ ಟೆಸ್ಟಿನ ಗಣಿತದ ಅಂಕ, 25ಕ್ಕೆ 20, ಉತ್ತರ ಕೊಡುತ್ತದೆ. ಇಡೀ ಅರ್ಜಿಯಲ್ಲಿ ಇದಕ್ಕಿಂತ ಬಲವಾದ ಸಾಲು ಇನ್ನೊಂದಿಲ್ಲ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಟೆಸ್ಟ್ ಆಗಿದ್ದರೆ ಅಂಕ ಬರುವವರೆಗೆ ಕಾದು ಪತ್ರ ಕಳಿಸುವುದು ಜಾಣತನ. ಆಗಿರದಿದ್ದರೆ ಟೆಸ್ಟಿನ ದಿನಾಂಕ ತಿಳಿಸಿ, ಅಂಕ ಬಂದ ಕೂಡಲೇ ಕಳಿಸುವುದಾಗಿ ಬರೆಯಬಹುದು.

ಪಾಸಾದ ಪತ್ರಿಕೆಯನ್ನು ಗ್ರೇಡ್ ಏರಿಸಿಕೊಳ್ಳಲು ಮತ್ತೆ ಬರೆಯುವ ಅವಕಾಶ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ನಿಯಮ ನೋಡದೆ ‘ಗಣಿತವನ್ನು ಮತ್ತೆ ಬರೆದು ಅಂಕ ಹೆಚ್ಚಿಸಿಕೊಳ್ಳುತ್ತೇನೆ’ ಎಂದು ಬರೆದರೆ ಅದು ಸಮಿತಿಯ ಕಣ್ಣಿಗೆ ಬೀಳುವ ಎಡವಟ್ಟು. ಅಂಥ ಕಡೆ ಸಿಜಿಪಿಎ ಮೇಲೆ ಬರುವುದು ಮುಂದಿನ ಸೆಮಿಸ್ಟರುಗಳಿಂದ ಮಾತ್ರ. ಎಷ್ಟು ಬೇಕೆಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಮೂರನೇ ಸೆಮಿಸ್ಟರ್ ಸೇರಿ 60 ಕ್ರೆಡಿಟ್‌ಗೆ ಏಳು ಬರಲು 420 ಪಾಯಿಂಟ್ ಬೇಕು. ಇರುವುದು 277. ಉಳಿದ 143 ಪಾಯಿಂಟನ್ನು 20 ಕ್ರೆಡಿಟ್‌ನಲ್ಲಿ ಗಳಿಸಬೇಕಾದರೆ ಎಸ್‌ಜಿಪಿಎ 7.15 ಬರಬೇಕು. ಮೊದಲ ಸೆಮಿಸ್ಟರಿನಲ್ಲಿ 7.60 ಗಳಿಸಿದವಳಿಗೆ ಇದು ಅಸಾಧ್ಯದ ಗುರಿಯಲ್ಲ. 9 ಗಳಿಸುತ್ತೇನೆ ಎಂಬ ಆಶ್ವಾಸನೆಗಿಂತ 7.15 ಎಂಬ ಗುರಿಯನ್ನು ಸಮಿತಿ ಬೇಗ ನಂಬುತ್ತದೆ, ಯಾಕೆಂದರೆ ಅದು ಲೆಕ್ಕದಿಂದ ಬಂದದ್ದು ಮತ್ತು ಆರು ತಿಂಗಳಲ್ಲಿ ಪರೀಕ್ಷಿಸಬಹುದಾದದ್ದು.

ಪತ್ರದ ರೂಪ

ಪತ್ರ ಒಂದು ಪುಟ ಮೀರಬಾರದು. ಸಮಿತಿಯ ಮುಂದೆ ಒಂದೇ ಸಭೆಯಲ್ಲಿ ಹತ್ತಾರು ಅರ್ಜಿ ಇರುತ್ತವೆ. ಅರ್ಜಿ ಸಂಖ್ಯೆ, ಕೋರ್ಸ್, ಯಾವ ವರ್ಷದ ನವೀಕರಣ ಎಂಬುದು ವಿಷಯದ ಸಾಲಿನಲ್ಲೇ ಬರಬೇಕು. ಮೊದಲ ಪ್ಯಾರಾದಲ್ಲಿ ಕೊರತೆಯ ಸಂಖ್ಯೆ, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ ಕ್ರಮ, ಕೊನೆಯಲ್ಲಿ ಕೋರಿಕೆ. ಮೇಲಿನ ಪ್ರಕರಣದ ಪತ್ರ ಹೀಗೆ ಬರಬಹುದು:

‘ಇವರಿಗೆ,
ಕಾರ್ಯದರ್ಶಿಗಳು, ವಿದ್ಯಾರ್ಥಿವೇತನ ಸಮಿತಿ.

ವಿಷಯ: ಅರ್ಜಿ ಸಂಖ್ಯೆ ____, ಎಂಜಿನಿಯರಿಂಗ್ ಎರಡನೇ ವರ್ಷದ ನವೀಕರಣ, ಸಿಜಿಪಿಎ ಕೊರತೆಯ ವಿವರಣೆ.

ಮಾನ್ಯರೇ,

ನವೀಕರಣಕ್ಕೆ ಸಿಜಿಪಿಎ 7.0 ಬೇಕಾಗಿದ್ದು, ಮೊದಲ ವರ್ಷದ ಕೊನೆಗೆ ನನ್ನ ಸಿಜಿಪಿಎ 6.925 ಆಗಿದೆ. ಮೊದಲ ಸೆಮಿಸ್ಟರಿನಲ್ಲಿ 7.60, ಎರಡನೆಯದರಲ್ಲಿ 6.25 ಬಂದಿದೆ. ಎಲ್ಲ ಪತ್ರಿಕೆಗಳಲ್ಲಿ ಪಾಸಾಗಿದ್ದೇನೆ. ಅಂಕಪಟ್ಟಿಗಳನ್ನು ಲಗತ್ತಿಸಿದ್ದೇನೆ.

ಎರಡನೇ ಸೆಮಿಸ್ಟರಿನಲ್ಲಿ ವಸತಿ ಸಿಗದೆ ದಿನಕ್ಕೆ ನಾಲ್ಕು ಗಂಟೆ ಬಸ್ ಪ್ರಯಾಣ ಮಾಡಬೇಕಾಯಿತು. ಇದರಿಂದ ಒಟ್ಟಾರೆ ಅಂಕ ಇಳಿಯಿತು. ಜೂನ್ 3ರಿಂದ 16ರವರೆಗೆ ಡೆಂಗಿ ಜ್ವರದಿಂದ ತರಗತಿ ತಪ್ಪಿದ್ದು ಗಣಿತದ ಮೇಲೆ ಹೆಚ್ಚು ಪರಿಣಾಮ ಬೀರಿತು. ಜ್ವರಕ್ಕೆ ಮೊದಲಿನ ಟೆಸ್ಟಿನಲ್ಲಿ 25ಕ್ಕೆ 18, ಜೂನ್ 17ರ ಟೆಸ್ಟಿನಲ್ಲಿ 8 ಬಂದಿದೆ. ಬಸ್ ಪಾಸ್, ಡಿಸ್ಚಾರ್ಜ್ ಸಮ್ಮರಿ, ಹಾಜರಾತಿ ಮತ್ತು ಟೆಸ್ಟ್ ಅಂಕಗಳ ಪ್ರತಿಗಳಿವೆ.

ಮೂರನೇ ಸೆಮಿಸ್ಟರಿನಿಂದ ಹಾಸ್ಟೆಲ್‌ನಲ್ಲಿದ್ದೇನೆ. ತಪ್ಪಿದ ಎರಡು ಘಟಕಗಳನ್ನು ರಜೆಯಲ್ಲಿ ಓದಿ ಮುಗಿಸಿದ್ದೇನೆ. ವಾರಕ್ಕೆ ಎರಡು ದಿನ ಗಣಿತದ ರೆಮಿಡಿಯಲ್ ಕ್ಲಾಸಿಗೆ ಹೋಗುತ್ತಿದ್ದೇನೆ. ಈ ಸೆಮಿಸ್ಟರಿನ ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ 25ಕ್ಕೆ 20 ಬಂದಿದೆ. ಸಿಜಿಪಿಎ ಮತ್ತೆ 7.0ಕ್ಕೆ ಬರಲು ಈ ಸೆಮಿಸ್ಟರಿನಲ್ಲಿ ಎಸ್‌ಜಿಪಿಎ 7.15 ಬೇಕು. ಅದೇ ನನ್ನ ಗುರಿ.

ಈ ವರ್ಷದ ನವೀಕರಣವನ್ನು ಪರಿಗಣಿಸಬೇಕೆಂದು, ಪೂರ್ಣ ನವೀಕರಣ ಸಾಧ್ಯವಾಗದಿದ್ದರೆ ಮೂರನೇ ಸೆಮಿಸ್ಟರಿನ ಫಲಿತಾಂಶಕ್ಕೆ ಒಳಪಟ್ಟು ಷರತ್ತಿನ ಮೇಲೆ ಮುಂದುವರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ’

ಈ ಪತ್ರದಲ್ಲಿ ಕ್ಷಮೆ ಯಾಚನೆಯಾಗಲಿ ಬಡತನದ ವರ್ಣನೆಯಾಗಲಿ ಇಲ್ಲ. ಕುಟುಂಬದ ಆದಾಯದ ಪ್ರಮಾಣಪತ್ರ ಮುಖ್ಯ ಅರ್ಜಿಯ ಜೊತೆ ಇದ್ದೇ ಇರುತ್ತದೆ. ಈ ಪತ್ರಕ್ಕೆ ವಿಷಯ ಅಂಕ ಮಾತ್ರ. ಅಧ್ಯಾಪಕರ ಮೇಲಾಗಲಿ ಮೌಲ್ಯಮಾಪಕರ ಮೇಲಾಗಲಿ ದೂರೂ ಇಲ್ಲ. ಮೌಲ್ಯಮಾಪನ ಸರಿಯಿಲ್ಲ ಎನಿಸಿದರೆ ಅದಕ್ಕೆ ಮರುಮೌಲ್ಯಮಾಪನದ ಅರ್ಜಿ ಇದೆ. ಅದನ್ನು ಹಾಕಿದ್ದರೆ ‘ಫಲಿತಾಂಶ ಬರಬೇಕಿದೆ’ ಎಂದು ಒಂದು ಸಾಲು ಸೇರಿಸಿ, ರಸೀದಿ ಲಗತ್ತಿಸಬಹುದು.

ಪತ್ರ ಕೆಡುವ ಬಗೆಗಳು

ಕೆಲವು ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮೊದಲನೆಯದು ಸಂಖ್ಯೆಯನ್ನು ದುಂಡಗೆ ಮಾಡುವುದು. 6.925ನ್ನು ‘ಸುಮಾರು 7’ ಎಂದು ಬರೆದರೆ ಕೊರತೆ ಮುಚ್ಚಿಡುವ ಪ್ರಯತ್ನದಂತೆ ಕಾಣುತ್ತದೆ. ಅಂಕಪಟ್ಟಿಯಲ್ಲಿ 6.93 ಎಂದು ಮುದ್ರಿತವಾಗಿದ್ದರೆ 6.93 ಎಂದೇ ಬರೆಯಬೇಕು. ಎರಡನೆಯದು ಬ್ಯಾಕ್‌ಲಾಗ್ ಮುಚ್ಚಿಡುವುದು. ಸರಾಸರಿಯಲ್ಲಿ ಕೊರತೆ ಮತ್ತು ಪತ್ರಿಕೆಯಲ್ಲಿ ಫೇಲ್ ಬೇರೆ ಬೇರೆ ವಿಷಯ. ‘ಎಲ್ಲ ಪತ್ರಿಕೆಗಳಲ್ಲಿ ಪಾಸು’ ಎಂದೇ ಷರತ್ತಿರುವ ಟ್ರಸ್ಟ್‌ಗೆ ಒಂದು ಪತ್ರಿಕೆ ಉಳಿದಿರುವುದನ್ನು ತಿಳಿಸದೆ ಸರಾಸರಿಯ ಮಾತಷ್ಟೇ ಬರೆದರೆ, ಅಂಕಪಟ್ಟಿ ತೆರೆದ ಕೂಡಲೇ ಪತ್ರ ಬಿದ್ದುಹೋಗುತ್ತದೆ.

ಮೂರನೆಯದು ತಡ. ಅರ್ಜಿ ತಿರಸ್ಕೃತವಾದ ಮೇಲೆ ಬರೆದ ವಿವರಣೆ ಮೇಲ್ಮನವಿಯಾಗುತ್ತದೆ. ಅಷ್ಟರಲ್ಲಿ ಆ ವರ್ಷದ ಹಣ ಬೇರೆಯವರಿಗೆ ಹಂಚಿಕೆಯಾಗಿರಬಹುದು. ಅರ್ಜಿಯ ಜೊತೆಯಲ್ಲೇ ಹೋದ ಪತ್ರವನ್ನು ಅಂಕಪಟ್ಟಿಯ ಜೊತೆಗೇ ಓದುತ್ತಾರೆ. ನಾಲ್ಕನೆಯದು ಕಾಲೇಜಿನ ಮಾತಿಗೂ ವಿದ್ಯಾರ್ಥಿಯ ಮಾತಿಗೂ ಹೊಂದಿಕೆ ಇಲ್ಲದಿರುವುದು. ಪ್ರಾಂಶುಪಾಲರ ಮೂಲಕ ಹೋಗುವ ಅರ್ಜಿಯಲ್ಲಿ ಕಾಲೇಜು ಹಾಜರಾತಿ ಶೇ 81 ಎಂದು ಬರೆದು, ವಿದ್ಯಾರ್ಥಿ ‘ಸೆಮಿಸ್ಟರಿನ ಬಹುಪಾಲು ಬರಲಾಗಲಿಲ್ಲ’ ಎಂದು ಬರೆದರೆ ಎರಡರಲ್ಲಿ ಒಂದು ಸುಳ್ಳಾಗುತ್ತದೆ. ಕಾಲೇಜಿನ ಕಚೇರಿಗೆ ಕೊಡುವ ಮುನ್ನ ಪತ್ರವನ್ನು ಮೆಂಟರ್ ಒಮ್ಮೆ ಓದಿದ್ದರೆ ಇಂಥದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಸಮಿತಿಯ ತೀರ್ಮಾನದ ನಂತರ

ತೀರ್ಮಾನ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಒಂದು ಸಲದ ರಿಯಾಯಿತಿ ಎಂದು ಪೂರ್ಣ ನವೀಕರಣ ಆಗಬಹುದು. ಆಗ ಮುಂದಿನ ವರ್ಷ ಅದೇ ಕಾರಣ ಹೇಳಲು ಬರುವುದಿಲ್ಲ. ಷರತ್ತಿನ ನವೀಕರಣವಾದರೆ ಮೊದಲ ಕಂತು ಬಂದು, ಎರಡನೆಯದು ಮುಂದಿನ ಸೆಮಿಸ್ಟರಿನ ಫಲಿತಾಂಶಕ್ಕೆ ಕಾಯುತ್ತದೆ. ಇನ್ನು ಕೆಲವರು ಒಂದು ಸೆಮಿಸ್ಟರ್ ಹಣ ನಿಲ್ಲಿಸಿ, ಅಂಕ ಮೇಲೆ ಬಂದರೆ ಮತ್ತೆ ಶುರು ಮಾಡುತ್ತಾರೆ. ಕೊನೆಯದು ನಿರಾಕರಣೆ.

ಷರತ್ತು ಹಾಕಿದ ಕಡೆ ಅದು ಎಸ್‌ಜಿಪಿಎ ಮೇಲಿದೆಯೇ, ಸಿಜಿಪಿಎ ಮೇಲಿದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು. ಮೇಲಿನ ಪ್ರಕರಣದಲ್ಲಿ ಮೂರನೇ ಸೆಮಿಸ್ಟರಿನಲ್ಲಿ 7.10 ಬಂದರೆ ‘ಎಸ್‌ಜಿಪಿಎ 7’ ಎಂಬ ಷರತ್ತು ಈಡೇರುತ್ತದೆ. ಸಿಜಿಪಿಎ ಮಾತ್ರ 60 ಕ್ರೆಡಿಟ್‌ಗೆ 419 ಪಾಯಿಂಟ್ ಆಗಿ 6.98ರಲ್ಲೇ ನಿಲ್ಲುತ್ತದೆ. ಫಲಿತಾಂಶ ಬಂದ ವಾರದಲ್ಲೇ ಅಂಕಪಟ್ಟಿಯ ಪ್ರತಿಯನ್ನು ಹಿಂದಿನ ಪತ್ರದ ಉಲ್ಲೇಖದೊಂದಿಗೆ ಕಳಿಸಬೇಕು, ಅವರು ಕೇಳುವವರೆಗೆ ಕಾಯಬಾರದು.

ನಿರಾಕರಣೆಯಾದರೆ ಎರಡು ವಿಷಯ ತಿಳಿದುಕೊಳ್ಳಬೇಕು. ಮುಂದಿನ ವರ್ಷ ಅಂಕ ಬಂದರೆ ಮತ್ತೆ ಸೇರಿಸಿಕೊಳ್ಳುವ ಅವಕಾಶ ಇದೆಯೇ, ಅಥವಾ ಒಮ್ಮೆ ಹೋದದ್ದು ಹೋದಂತೆಯೇ ಎಂಬುದು ಒಂದು. ಇನ್ನೊಂದು, ನಿಂತುಹೋದ ವಿದ್ಯಾರ್ಥಿವೇತನದಿಂದಾಗಿ ಬೇರೆ ಯೋಜನೆಗೆ ದಾರಿ ತೆರೆದಿದೆಯೇ ಎಂಬುದು. ಒಂದೇ ವರ್ಷದಲ್ಲಿ ಎರಡು ಕಡೆ ಹಣ ಪಡೆಯಬಾರದು ಎಂಬ ಷರತ್ತು ಹಲವು ಯೋಜನೆಗಳಲ್ಲಿದೆ. ಹಣ ನಿಂತದ್ದಕ್ಕೆ ಟ್ರಸ್ಟ್‌ನಿಂದ ಬರಹದಲ್ಲಿ ತಿಳಿವಳಿಕೆ ಪಡೆದಿದ್ದರೆ, ಬೇರೆ ಕಡೆ ಅರ್ಜಿ ಹಾಕುವಾಗ ಆ ಷರತ್ತು ಅಡ್ಡಿಯಾಗುವುದಿಲ್ಲ ಎಂದು ತೋರಿಸಲು ಅದೇ ದಾಖಲೆಯಾಗುತ್ತದೆ.

ಇಂತಿ,
ವಿದ್ಯಾರ್ಥಿವೇತನ ಅರ್ಜಿಗಳನ್ನು ಪರಿಶೀಲಿಸುವ ಒಬ್ಬ ಅಧ್ಯಾಪಕ